ಕಾದ ಹೊತ್ತು ಎಲ್ಲಿ ಹೋಯಿತು?

(ಬಾದಾಮಿಯಲ್ಲಿ ನೀಡಿದ ಒಂದು ಉಪನ್ಯಾಸದ ಬರಹ ರೂಪ)



ಪಟ್ಟದಕಲ್ಲಿಗೆ ಹೋಗಿ ಬಂದವರಿಗೆಲ್ಲ ಅಲ್ಲಿಯ ಗುಡಿಗಳು ನೆನಪಿರುತ್ತವೆ. ಬಸ್ ನಿಲ್ದಾಣ ನೆನಪಿರುವುದು ಕಡಿಮೆ. ನನಗೆ ಮಾತ್ರ ಎರಡೂ ನೆನಪಿವೆ. ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸಿ ನಿವೃತ್ತನಾದ ಮೇಲೆ ವರ್ಷಕ್ಕೊಮ್ಮೆಯಾದರೂ ವಿರೂಪಾಕ್ಷ ಗುಡಿಯ ಕಂಬಗಳ ನಡುವೆ ಒಂದು ಹಗಲು ಕಳೆದು ಬರುವುದು ನನ್ನ ರೂಢಿ. ಲೋಕಮಹಾದೇವಿ 8ನೆಯ ಶತಮಾನದಲ್ಲಿ ಕಟ್ಟಿಸಿದ ಆ ಗುಡಿಯನ್ನು ನೋಡಲು ಬೇಕಾದ ಹೊತ್ತಿಗಿಂತ, ನೋಡಿ ಮುಗಿಸಿದ ಮೇಲೆ ಬಾದಾಮಿಗೆ ಗಾಡಿ ಕಾಯಲು ಬೇಕಾದ ಹೊತ್ತೇ ಕೆಲವು ಸಲ ಹೆಚ್ಚಾಗುತ್ತದೆ. ಈ ಕಾಯುವ ಹೊತ್ತಿನ ಬಗ್ಗೆಯೇ ಇವತ್ತು ಮಾತಾಡಬೇಕೆಂದಿದ್ದೇನೆ. ಅದಕ್ಕೆ ಕಾರಣ, ಅಲ್ಲಿ ನಾನು ಮಾಡಿದ ಒಂದು ತಪ್ಪು.

ಕೆಲವು ವರ್ಷಗಳ ಹಿಂದಿನ ಮಾತು. ಮಧ್ಯಾಹ್ನ ಮೂರೂಕಾಲಿಗೆ ನಾನು ನಿಲ್ದಾಣಕ್ಕೆ ಬಂದೆ. ನನ್ನ ಜೊತೆಜೊತೆಗೇ ಒಬ್ಬ ಹೆಣ್ಣುಮಗಳು ನಾಲ್ಕು ವರ್ಷದ ಮಗನನ್ನು ಹೆಗಲಿಗೆ ಹಾಕಿಕೊಂಡು ಬಂದಳು. ಹುಡುಗನಿಗೆ ಮೂರು ದಿನದಿಂದ ಜ್ವರ. ಬಾದಾಮಿಯಲ್ಲಿ ತೋರಿಸಬೇಕು, ಡಾಕ್ಟರು ಐದರವರೆಗೆ ಮಾತ್ರ ಕೂಡುತ್ತಾರೆ. ಬಾದಾಮಿ ಅಲ್ಲಿಂದ ಸುಮಾರು 22 ಕಿಲೋಮೀಟರ್. ನಿಂತು ನಿಂತು ಹೋಗುವ ಗಾಡಿಗೆ ಮುಕ್ಕಾಲು ಗಂಟೆ ಬೇಕು. ಅಂದರೆ ನಾಲ್ಕೂಕಾಲರ ಒಳಗೆ ಏನಾದರೂ ಹತ್ತಲೇಬೇಕು. ಪಕ್ಕದ ಚಹದಂಗಡಿಯವನನ್ನು ಕೇಳಿದರೆ, ‘ಬಸ್ಸು, ಟೆಂಪೋ ಎಲ್ಲಾ ಸೇರಿ ತಾಸಿಗೆ ಮೂರು ಬರ್ತಾವ್ರಿ, ಆದ್ರ ಟೈಮ್ ಅಂತೇನಿಲ್ಲ’ ಎಂದ.

ನಲವತ್ತು ನಿಮಿಷ ಕಳೆಯಿತು. ಏನೂ ಬರಲಿಲ್ಲ. ಮೂರು ಐವತ್ತೈದಕ್ಕೆ ಒಂದು ಖಾಲಿ ಆಟೋ ಬಂತು. ಬಾದಾಮಿಗೆ 300 ರೂಪಾಯಿ ಕೇಳಿದ. ಆಕೆ ಸೆರಗಿನ ಗಂಟು ಮುಟ್ಟಿ ನೋಡಿಕೊಂಡು ನನ್ನ ಕಡೆ ತಿರುಗಿದಳು. ‘ಅಜ್ಜಾರ, ಏನ್ ಮಾಡ್ಲ್ರಿ? ಇದ್ರಾಗ ಹೋಗ್ಲೋ, ಕಾಯ್ಲೋ?’

ನಾನು ಹೇಳಿದೆ: ‘ನಲವತ್ತು ನಿಮಿಷ ಕಾದೀಯಲ್ಲವಾ, ಇನ್ನೇನ ಬಂದ ಬಿಡ್ತೈತಿ. ಮುನ್ನೂರು ರೂಪಾಯಿ ಯಾಕ ಸುಮ್ನ?’

ಆಟೋ ಪ್ರವಾಸಿಗಳನ್ನು ಕೂಡಿಸಿಕೊಂಡು ಹೋಯಿತು. ನಮಗೆ ಟೆಂಪೋ ಸಿಕ್ಕಿದ್ದು ನಾಲ್ಕೂವರೆಗೆ. ಬಾದಾಮಿ ಮುಟ್ಟುವಾಗ ಐದೂಕಾಲು. ಡಾಕ್ಟರು ಹೋಗಿಯಾಗಿತ್ತು. ರಾತ್ರಿ ಬೇರೊಬ್ಬರಿಗೆ ತೋರಿಸಿದರು, ಹುಡುಗ ನಾಲ್ಕು ದಿನದಲ್ಲಿ ಹುಷಾರಾದ. ಆದರೆ ಟೆಂಪೋದಲ್ಲಿ ಕೂತಾಗ ಆ ತಾಯಿ ಕೇಳಿದ ಮಾತು ನನ್ನನ್ನು ಬಿಟ್ಟಿಲ್ಲ. ‘ಅಲ್ರೀ ಅಜ್ಜಾರ, ಇಷ್ಟೊತ್ತು ಕಾದದ್ದೆಲ್ಲಾ ಎಲ್ಲಿ ಹೋತು?’

ಇದಕ್ಕೆ ಉತ್ತರ ನನಗೆ ಗೊತ್ತಿತ್ತು. ಮೂವತ್ತು ವರ್ಷ ಕರಿಹಲಗೆಯ ಮೇಲೆ ಅದನ್ನೇ ಬರೆದಿದ್ದೆ. ಆದರೆ ನಿಲ್ದಾಣದಲ್ಲಿ ನಿಂತಾಗ ಎಲ್ಲರ ಹಾಗೆ ನಾನೂ, ಕಾದದ್ದು ಎಲ್ಲಿಯೋ ಜಮೆಯಾಗುತ್ತಿದೆ ಎಂದು ನಂಬಿದೆ. ಅದು ಜಮೆಯಾಗುವುದಿಲ್ಲ ಎಂಬುದೇ ಇವತ್ತಿನ ವಿಷಯ. ಸಂಖ್ಯಾಶಾಸ್ತ್ರದಲ್ಲಿ ಇದನ್ನು ಘಾತೀಯ ವಿತರಣೆಯ ಸ್ಮೃತಿಹೀನತೆ ಎನ್ನುತ್ತಾರೆ. ಹೆಸರು ಭಾರವಾಗಿದೆ, ಸಂಗತಿ ಅಷ್ಟು ಭಾರದ್ದಲ್ಲ. ‘ನೆನಪಿಲ್ಲದ ಗುಣ’ ಎಂದರೆ ಸಾಕು.

ಒಂದು ಚೀಲದಲ್ಲಿ 20 ಚೀಟಿಗಳಿವೆ ಎಂದಿಟ್ಟುಕೊಳ್ಳಿ. ಒಂದರ ಮೇಲೆ ‘ಗಾಡಿ’ ಎಂದು ಬರೆದಿದೆ, ಉಳಿದ 19 ಖಾಲಿ. ನಿಮಿಷಕ್ಕೊಮ್ಮೆ ಕೈಹಾಕಿ ಒಂದು ಚೀಟಿ ತೆಗೆಯುತ್ತೀರಿ. ಖಾಲಿ ಬಂದರೆ ಅದನ್ನು ತಿರುಗಿ ಚೀಲಕ್ಕೇ ಹಾಕಿ ಕಲಸಿ, ಮುಂದಿನ ನಿಮಿಷ ಮತ್ತೆ ತೆಗೆಯುತ್ತೀರಿ. ‘ಗಾಡಿ’ ಬಂದ ನಿಮಿಷಕ್ಕೆ ಗಾಡಿ ಬಂತೆಂದು ಲೆಕ್ಕ. ಸರಾಸರಿ 20 ನಿಮಿಷಕ್ಕೊಂದು ಗಾಡಿ ಬರುವ ನಿಲ್ದಾಣದ ಒಳ್ಳೆಯ ನಕಲು ಇದು. ಈಗ ಹೇಳಿ, ಹದಿನೈದು ಸಲ ಖಾಲಿ ಬಂದ ಮೇಲೆ ಹದಿನಾರನೆಯ ಸಲ ‘ಗಾಡಿ’ ಬರುವ ಸಾಧ್ಯತೆ ಹೆಚ್ಚಾಗುತ್ತದೆಯೇ? ಇಲ್ಲ. ಚೀಲದಲ್ಲಿ ಈಗಲೂ 20 ಚೀಟಿಗಳೇ ಇವೆ, ಅದರಲ್ಲಿ ಒಂದೇ ‘ಗಾಡಿ’. ಮೊದಲ ನಿಮಿಷಕ್ಕೆ ಎಷ್ಟು ಸಾಧ್ಯತೆ ಇತ್ತೋ ಹದಿನಾರನೆಯದಕ್ಕೂ ಅಷ್ಟೇ, ನೂರನೆಯದಕ್ಕೂ ಅಷ್ಟೇ. ನೀವು ಎಷ್ಟು ಸಲ ಕೈಹಾಕಿದಿರಿ ಎಂಬ ಲೆಕ್ಕ ಚೀಲಕ್ಕೆ ಗೊತ್ತಿಲ್ಲ.

ತೆಗೆದ ಖಾಲಿ ಚೀಟಿಯನ್ನು ತಿರುಗಿ ಹಾಕದೆ ಪಕ್ಕಕ್ಕೆ ಇಟ್ಟಿದ್ದರೆ ಕಥೆ ಬೇರೆಯಾಗುತ್ತಿತ್ತು. ಆಗ ಚೀಲ ಖಾಲಿಯಾಗುತ್ತ ಹೋಗುತ್ತದೆ, 19 ಸಲ ತಪ್ಪಿದರೆ ಇಪ್ಪತ್ತನೆಯ ಸಲ ಗಾಡಿ ಖಂಡಿತ. ‘ಇಷ್ಟು ಹೊತ್ತು ಕಾದಿದ್ದೇವೆ, ಇನ್ನೇನು ಬಂತು’ ಎನ್ನುವಾಗ ನಮ್ಮ ಮನಸ್ಸಿನಲ್ಲಿರುವುದು ಈ ಎರಡನೆಯ ಚೀಲ. ಪಟ್ಟದಕಲ್ಲಿನ ನಿಲ್ದಾಣದಲ್ಲಿದ್ದದ್ದು ಮೊದಲನೆಯದು.

ಈ ನಿಲ್ದಾಣದಲ್ಲಿ 100 ಜನ, ಒಬ್ಬೊಬ್ಬರೂ ಬೇರೆ ಬೇರೆ ದಿನ, ಕಾಯಲು ಬಂದರೆಂದು ತಿಳಿಯೋಣ. ನಿಮಿಷದ ಬದಲು ಸೆಕೆಂಡಿಗೊಂದು ಚೀಟಿ, 1,200 ಚೀಟಿಗಳಲ್ಲಿ ಒಂದು ‘ಗಾಡಿ’ ಎಂದು ಇನ್ನೂ ಸಣ್ಣಗೆ ಕತ್ತರಿಸಿ ಲೆಕ್ಕ ಹಾಕಿದರೆ, 20 ನಿಮಿಷದ ಕೊನೆಗೆ ಇನ್ನೂ ಕಾಯುತ್ತಿರುವವರು ಸುಮಾರು 37 ಜನ. ಆ 37 ಜನರಿಗೆ ಮುಂದಿನ 20 ನಿಮಿಷವೂ ಹೊಸದಾಗಿ ಬಂದವರ ಹಾಗೆಯೇ. ಆದ್ದರಿಂದ ಅವರಲ್ಲಿ ನೂರಕ್ಕೆ 37ರಷ್ಟು ಪಾಲು ಉಳಿಯುತ್ತದೆ, ಅಂದರೆ 40 ನಿಮಿಷಕ್ಕೆ ಸುಮಾರು 14 ಜನ. ಒಂದು ಗಂಟೆಗೆ 5 ಜನ. ಪ್ರತಿ ಇಪ್ಪತ್ತು ನಿಮಿಷವೂ ಇದ್ದವರನ್ನು ಒಂದೇ ಸಂಖ್ಯೆಯಿಂದ ಭಾಗಿಸುತ್ತ ಹೋಗುತ್ತದೆ. ಆ ಸಂಖ್ಯೆ ಸುಮಾರು 2.718. ಗಣಿತಜ್ಞರು ಅದನ್ನು e ಎಂಬ ಅಕ್ಷರದಿಂದ ಕರೆಯುತ್ತಾರೆ. ‘ಘಾತೀಯ’ ಎಂಬ ಹೆಸರು ಬಂದದ್ದು ಇದರ ಘಾತಗಳಿಂದಲೇ.

ಇಲ್ಲೊಂದು ಸೊಗಸಾದ ಸಂಗತಿಯಿದೆ. ಕಾಯುವ ಹೊತ್ತನ್ನು ಎಡೆಬಿಡದೆ ಅಳೆಯುವಾಗ, ನೆನಪಿಲ್ಲದ ಗುಣವಿರುವ ವಿತರಣೆ ಇದೊಂದೇ. ಕಾರಣವನ್ನು ಮಾತಿನಲ್ಲೇ ಹೇಳಬಹುದು. ಮೊದಲ ಇಪ್ಪತ್ತು ನಿಮಿಷದಲ್ಲಿ ಉಳಿಯುವ ಪಾಲು ಎಷ್ಟೋ, ಎರಡನೆಯ ಇಪ್ಪತ್ತರಲ್ಲಿ ಉಳಿಯುವ ಪಾಲೂ ಅಷ್ಟೇ ಇರಬೇಕು. ಹಾಗಾಗಿ ನಲವತ್ತಕ್ಕೆ ಉಳಿಯುವ ಪಾಲು ಇಪ್ಪತ್ತರ ಪಾಲನ್ನು ಅದರಿಂದಲೇ ಗುಣಿಸಿದಷ್ಟು. ಇಪ್ಪತ್ತರ ಬದಲು ಏಳು ನಿಮಿಷ, ಅರ್ಧ ನಿಮಿಷ, ಯಾವುದನ್ನು ತೆಗೆದುಕೊಂಡರೂ ಈ ಮಾತು ನಿಲ್ಲಬೇಕು. ಹೊತ್ತು ಕೂಡುತ್ತ ಹೋದಂತೆ ಪಾಲು ಗುಣಿಸುತ್ತ ಹೋಗಬೇಕೆಂಬ ಈ ನಿಬಂಧನೆಗೆ ಒಪ್ಪುವುದು ಒಂದೇ ಬಗೆಯ ಇಳಿಜಾರು.

‘ನಿಜವಾದ ನಿಲ್ದಾಣದಲ್ಲಿ ಹೀಗೆ ಯಾಕೆ ಆಗಬೇಕು? ಅಲ್ಲಿ ಚೀಲವೂ ಇಲ್ಲ, ಚೀಟಿಯೂ ಇಲ್ಲವಲ್ಲ’ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಒಂದೇ ಡಿಪೋದಿಂದ ಒಂದೇ ವೇಳಾಪಟ್ಟಿಯ ಮೇಲೆ ಗಾಡಿ ಹೊರಟಿದ್ದರೆ ಹೀಗಾಗುತ್ತಿರಲಿಲ್ಲ. ಆದರೆ ಆ ರಸ್ತೆಗೆ ಐಹೊಳೆಯ ಕಡೆಯಿಂದ ಬಸ್ಸು ಬರುತ್ತದೆ, ಹುನಗುಂದದ ಕಡೆಯಿಂದ ಯಾವುದೋ ಟೆಂಪೋ ಬರುತ್ತದೆ, ಮದುವೆಗೆ ಜನ ಬಿಟ್ಟು ಖಾಲಿ ಮರಳುವ ಟ್ರ್ಯಾಕ್ಸ್ ಬರುತ್ತದೆ. ಒಂದಕ್ಕೆ ಇನ್ನೊಂದರ ಸುದ್ದಿಯಿಲ್ಲ, ಒಂದೊಂದೂ ದಿನಕ್ಕೆ ಒಂದೆರಡು ಸಲವಷ್ಟೇ ಆ ದಾರಿ ಹಿಡಿಯುತ್ತದೆ. ಇಂಥ ಅನೇಕ ವಿರಳ ಹರಿವುಗಳು, ಪರಸ್ಪರ ಸಂಬಂಧವಿಲ್ಲದೆ ಒಂದೇ ರಸ್ತೆಯಲ್ಲಿ ಕೂಡಿದಾಗ, ಒಂದೊಂದರಲ್ಲಿ ಏನು ಕ್ರಮವಿದ್ದರೂ ಕೂಡಿದ್ದರಲ್ಲಿ ಆ ಕ್ರಮ ಅಳಿಸಿಹೋಗುತ್ತದೆ. ನಡುವಣ ಅಂತರಗಳು ಘಾತೀಯ ವಿತರಣೆಗೆ ತೀರ ಹತ್ತಿರ ಬರುತ್ತವೆ. ಇದು ಸಾಧಿಸಿ ತೋರಿಸಿರುವ ಪ್ರಮೇಯ. ಚಹದಂಗಡಿಯವನು ‘ಟೈಮ್ ಅಂತೇನಿಲ್ಲ’ ಎಂದದ್ದು ಅದೇ ಪ್ರಮೇಯದ ಬಾದಾಮಿ ತಾಲ್ಲೂಕಿನ ಪಾಠ.

ನಂಬದವರು ಒಂದು ನೋಟ್‌ಬುಕ್ಕು, ಗಡಿಯಾರ ಹಿಡಿದು ಕೂತು ಪರೀಕ್ಷೆ ಮಾಡಬಹುದು. ಗಾಡಿ ಬಂದ ವೇಳೆಗಳನ್ನು ಬರೆದುಕೊಳ್ಳಿ, ಎರಡು ಗಾಡಿಗಳ ನಡುವಿನ ಅಂತರಗಳನ್ನು ಕಳೆದು ತೆಗೆಯಿರಿ, ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ. ನೆನಪಿಲ್ಲದ ನಿಲ್ದಾಣದಲ್ಲಿ ಪಟ್ಟಿ ಹೇಗೆ ಕಾಣುತ್ತದೆ ಎಂದು ತೋರಿಸಲು ನಾನೇ ಒಂದು ಮಾದರಿ ಪಟ್ಟಿ ಮಾಡಿ ತಂದಿದ್ದೇನೆ. ಇಪ್ಪತ್ತು ಅಂತರಗಳು, ನಿಮಿಷಗಳಲ್ಲಿ:

1, 2, 3, 4, 5, 6, 8, 9, 11, 13, 15, 17, 20, 22, 26, 30, 35, 42, 52, 79.

ಕೂಡಿದರೆ 400. ಸರಾಸರಿ 20. ಮೊದಲು ಕಣ್ಣಿಗೆ ಬೀಳುವುದು, ಚಿಕ್ಕ ಅಂತರಗಳೇ ಹೆಚ್ಚು. ಸರಾಸರಿಗಿಂತ ದೊಡ್ಡವು ಏಳು ಮಾತ್ರ, ನೂರಕ್ಕೆ 35. ನಿರೀಕ್ಷೆಯ 37ಕ್ಕೆ ಇದು ಹತ್ತಿರ. ಈಗ ನಿಜವಾದ ಪರೀಕ್ಷೆ. ಒಂದು ಗಾಡಿ ತಪ್ಪಿಸಿಕೊಂಡು ಹತ್ತು ನಿಮಿಷ ಕಾದವರನ್ನು ನೋಡಿ. ಹತ್ತಕ್ಕಿಂತ ದೊಡ್ಡ ಅಂತರಗಳು ಹನ್ನೆರಡು. ಅವುಗಳಲ್ಲಿ ಒಂದೊಂದರಿಂದಲೂ ಕಾದ ಹತ್ತನ್ನು ಕಳೆದರೆ ಉಳಿಯುವುದು 1, 3, 5, 7, 10, 12, 16, 20, 25, 32, 42, 69. ಇವುಗಳ ಸರಾಸರಿ ಮತ್ತೆ 20. ಇಪ್ಪತ್ತು ನಿಮಿಷ ಕಾದವರಿಗೆ ಮುಂದೆ ಉಳಿದ ಕಾಯುವಿಕೆಯ ಸರಾಸರಿ 21. ಮೂವತ್ತು ಕಾದವರಿಗೆ 22. ಕಾದಷ್ಟೂ ಗಾಡಿ ಹತ್ತಿರ ಬರುತ್ತಿಲ್ಲ. ಅದು ಯಾವಾಗಲೂ ಸರಾಸರಿ ಇಪ್ಪತ್ತು ನಿಮಿಷದಷ್ಟು ದೂರದಲ್ಲೇ ಇದೆ.

ಇದನ್ನು ವೇಳಾಪಟ್ಟಿ ಪಾಲಿಸುವ ನಿಲ್ದಾಣದ ಜೊತೆ ಹೋಲಿಸಿ. ಅಲ್ಲಿ ಅಂತರಗಳು 18, 19, 20, 21, 22 ಎಂದಿರುತ್ತವೆ. ಸರಾಸರಿ ಅದೇ ಇಪ್ಪತ್ತು. ಆದರೆ ಹದಿನೇಳು ನಿಮಿಷ ಕಾದವನಿಗೆ ಉಳಿದದ್ದು ಸರಾಸರಿ ಮೂರೇ ನಿಮಿಷ. ಅಲ್ಲಿ ಕಾದದ್ದು ಜಮೆಯಾಗುತ್ತದೆ. ಸರಾಸರಿ ಒಂದೇ ಆದ ಮಾತ್ರಕ್ಕೆ ಎರಡು ನಿಲ್ದಾಣಗಳು ಒಂದೇ ಅಲ್ಲ. ನೋಡಬೇಕಾದ್ದು ಸರಾಸರಿಯನ್ನಲ್ಲ, ಉಳಿದ ಹೊತ್ತು ಕರಗುತ್ತದೆಯೋ ಇಲ್ಲವೋ ಎಂಬುದನ್ನು.

ಅದೇ ಪಟ್ಟಿ ಇನ್ನೊಂದು ಹಳೆಯ ಗೊಣಗಾಟಕ್ಕೂ ಉತ್ತರ ಕೊಡುತ್ತದೆ. ‘ಇಪ್ಪತ್ತು ನಿಮಿಷಕ್ಕೊಂದು ಗಾಡಿ ಅಂತಾರೆ. ಯಾವಾಗಲೋ ಹೋಗಿ ನಿಂತರೆ ಸರಾಸರಿ ಹತ್ತು ನಿಮಿಷ ಕಾದರೆ ಸಾಕಲ್ಲ? ನನಗೆ ಮಾತ್ರ ಯಾವಾಗಲೂ ಇಪ್ಪತ್ತು!’ ಎಂಬುದು ಆ ಗೊಣಗಾಟ. ಇದು ಹಣೆಬರಹವಲ್ಲ. ಪಟ್ಟಿಯಲ್ಲಿ ಇಪ್ಪತ್ತಕ್ಕಿಂತ ದೊಡ್ಡ ಅಂತರಗಳು ಏಳೇ ಇದ್ದರೂ ಅವು ಒಟ್ಟು 400 ನಿಮಿಷಗಳಲ್ಲಿ 286 ನಿಮಿಷಗಳನ್ನು ನುಂಗಿವೆ. ಗಡಿಯಾರ ನೋಡದೆ ಬಂದು ನಿಲ್ಲುವವನು ಈ ದೊಡ್ಡ ಅಂತರಗಳ ಒಳಗೇ ಬೀಳುವ ಸಾಧ್ಯತೆ ನೂರಕ್ಕೆ 70ಕ್ಕೂ ಹೆಚ್ಚು. ಒಂದು ನಿಮಿಷದ ಅಂತರದೊಳಗೆ ಬಂದು ನಿಲ್ಲುವ ಪುಣ್ಯ ಎಷ್ಟು ಜನಕ್ಕೆ ಸಿಕ್ಕೀತು? ಪೂರ್ತಿ ಲೆಕ್ಕ ಹಾಕಿದರೆ ಅವನ ಸರಾಸರಿ ಕಾಯುವಿಕೆ 19 ನಿಮಿಷ ಬರುತ್ತದೆ, ಹತ್ತು ಅಲ್ಲ. ‘ಈಗಷ್ಟೇ ಒಂದು ಹೋಯಿತು’ ಎಂದು ಯಾರಾದರೂ ಹೇಳಿದರೆ ನೀವು ಹಳಹಳಿಸಬೇಕಾಗಿಲ್ಲ. ನೆನಪಿಲ್ಲದ ನಿಲ್ದಾಣದಲ್ಲಿ ಈಗಷ್ಟೇ ಹೋಗಿದ್ದರೂ ಇಪ್ಪತ್ತೇ, ಹೋಗಿ ಅರ್ಧ ತಾಸಾಗಿದ್ದರೂ ಇಪ್ಪತ್ತೇ.

ಗುಡಿಗಳ ಊರಿನ ಮಾತಾಡುತ್ತಿರುವಾಗ ಪಕ್ಕದ ಒಂದು ಉದಾಹರಣೆ ಹೇಳಬೇಕು. ಪಟ್ಟದಕಲ್ಲಿನ ಗುಡಿಗಳ ಕಾಲವನ್ನು ನಾವು ಮುಖ್ಯವಾಗಿ ಶಾಸನಗಳಿಂದ ತಿಳಿದಿದ್ದೇವೆ. ಶಾಸನವಿಲ್ಲದ ಹಳೆಯ ನೆಲೆಗಳಲ್ಲಿ ಇದ್ದಿಲೋ ಮೂಳೆಯೋ ಸಿಕ್ಕರೆ ಅದರಲ್ಲಿರುವ ಇಂಗಾಲ-14ನ್ನು ಅಳೆಯುತ್ತಾರೆ. ಅಮೆರಿಕದ ವಿಲ್ಲರ್ಡ್ ಲಿಬ್ಬಿ 1940ರ ದಶಕದ ಕೊನೆಯಲ್ಲಿ ರೂಪಿಸಿದ ಈ ವಿಧಾನಕ್ಕೆ 1960ರಲ್ಲಿ ನೊಬೆಲ್ ಬಹುಮಾನ ಬಂತು. ಅದು ನಿಂತಿರುವುದು ನಮ್ಮ ಬಸ್ ನಿಲ್ದಾಣದ ನೆಲದ ಮೇಲೆಯೇ. ಇಂಗಾಲ-14ರ ಒಂದು ಪರಮಾಣು ಯಾವಾಗ ಒಡೆಯುತ್ತದೆ ಎಂದು ಹೇಳಲಾಗದು. ಐದು ಸಾವಿರ ವರ್ಷ ಒಡೆಯದೆ ಉಳಿದ ಪರಮಾಣು, ನಿನ್ನೆ ಹುಟ್ಟಿದ ಪರಮಾಣುವಿಗಿಂತ ಒಡೆಯಲು ಒಂದು ಕ್ಷಣವೂ ಹತ್ತಿರವಾಗಿಲ್ಲ. ಅದಕ್ಕೆ ಮುಪ್ಪಿಲ್ಲ. ಹಾಗಿರುವುದರಿಂದಲೇ 5,730 ವರ್ಷಕ್ಕೆ ಅರ್ಧ, ಇನ್ನೂ 5,730 ವರ್ಷಕ್ಕೆ ಉಳಿದದ್ದರಲ್ಲಿ ಅರ್ಧ ಎಂದು ಅರ್ಧಾಯುಷ್ಯದ ಲೆಕ್ಕ ನಡೆಯುತ್ತದೆ. ಪರಮಾಣುಗಳಿಗೂ ಮುಪ್ಪು ಬರುತ್ತಿದ್ದರೆ ಒಂದೇ ಅರ್ಧಾಯುಷ್ಯ ಎಂಬ ಮಾತಿಗೇ ಅರ್ಥವಿರುತ್ತಿರಲಿಲ್ಲ. ಸರಾಸರಿ ಇಪ್ಪತ್ತು ನಿಮಿಷದ ನಮ್ಮ ನಿಲ್ದಾಣಕ್ಕೂ ಒಂದು ಅರ್ಧಾಯುಷ್ಯವಿದೆ. ಅದು ಸುಮಾರು 14 ನಿಮಿಷ. ಕಾಯುತ್ತಿರುವವರಲ್ಲಿ ಅರ್ಧ ಜನ ಹದಿನಾಲ್ಕು ನಿಮಿಷದಲ್ಲಿ ಹೋಗಿಬಿಡುತ್ತಾರೆ. ಉಳಿದವರಲ್ಲಿ ಅರ್ಧ ಜನ ಮುಂದಿನ ಹದಿನಾಲ್ಕರಲ್ಲಿ.

ಗುಡಿಯ ಮರಳುಗಲ್ಲು ಹಾಗಲ್ಲ. ಅದು ಬಿಸಿಲು, ಮಳೆ, ಹೊಳೆಯ ಪ್ರವಾಹ ಎಲ್ಲವನ್ನೂ ಮೈಯಲ್ಲಿ ಬರೆದುಕೊಂಡಿರುತ್ತದೆ, ವರ್ಷದಿಂದ ವರ್ಷಕ್ಕೆ ಸವೆಯುತ್ತದೆ. ಅದಕ್ಕೆ ನೆನಪಿದೆ. ಲೋಕದಲ್ಲಿ ಎರಡೂ ಬಗೆಯ ವಸ್ತುಗಳಿವೆ. ಯಾವುದು ಯಾವ ಬಗೆ ಎಂದು ತಿಳಿಯುವುದೇ ಕೆಲಸ.

ಈಗ ಆ ತಾಯಿಯ ಹತ್ತಿರ ಮರಳೋಣ. ಮೂರು ಐವತ್ತೈದಕ್ಕೆ ನಾನು ಏನು ಹೇಳಬೇಕಾಗಿತ್ತು?

ಇಲ್ಲಿ ಒಂದು ಕಡೆ ಎಡವಿ ಬೀಳುವ ಅಪಾಯವಿದೆ. ಗಾಡಿಗೆ ನೆನಪಿಲ್ಲ ಎಂದ ಮೇಲೆ, ಮೂರೂಕಾಲಿಗೆ ಕಾಯುವುದು ಸರಿಯಾಗಿದ್ದರೆ ಮೂರು ಐವತ್ತೈದಕ್ಕೂ ಸರಿಯೇ ತಾನೆ ಎಂದು ಕೆಲವರು ವಾದಿಸುತ್ತಾರೆ. ಗಡುವು ಇಲ್ಲದವನಿಗೆ ಈ ಮಾತು ನಿಜ. ನನಗೆ ಬಾದಾಮಿಯಲ್ಲಿ ಯಾವ ಅವಸರವೂ ಇರಲಿಲ್ಲ. ಮೊದಲೇ 300 ರೂಪಾಯಿ ಕೊಡಲು ಮನಸ್ಸಿಲ್ಲದವನು ನಲವತ್ತು ನಿಮಿಷದ ಮೇಲೆಯೂ ಕೊಡಬೇಕಾಗಿರಲಿಲ್ಲ. ‘ಇಷ್ಟು ಕಾದೆನಲ್ಲ’ ಎಂಬುದು ಕಾಯಲೂ ಕಾರಣವಲ್ಲ, ಬೇಸತ್ತು ಎದ್ದು ಹೋಗಲೂ ಕಾರಣವಲ್ಲ.

ಆಕೆಗೆ ಮಾತ್ರ ಗಡುವಿತ್ತು. ಗಾಡಿಗೆ ನೆನಪಿಲ್ಲದಿದ್ದರೂ ಡಾಕ್ಟರ ಗಡಿಯಾರಕ್ಕೆ ಇತ್ತು. ಮೂರೂಕಾಲಿಗೆ ಆಕೆಯ ಕೈಯಲ್ಲಿ ಒಂದು ಗಂಟೆ ಇತ್ತು. ಒಂದು ಗಂಟೆಯಲ್ಲಿ ಯಾವ ಗಾಡಿಯೂ ಬಾರದಿರುವ ಸಾಧ್ಯತೆ ನೂರಕ್ಕೆ 5. ಆಗ ಕಾಯುವುದು ವಿವೇಕವೇ. ಮೂರು ಮೂವತ್ತೈದಕ್ಕೆ ಉಳಿದದ್ದು ನಲವತ್ತು ನಿಮಿಷ, ತಪ್ಪಿಹೋಗುವ ಸಾಧ್ಯತೆ ನೂರಕ್ಕೆ 14. ಮೂರು ಐವತ್ತೈದಕ್ಕೆ ಉಳಿದದ್ದು ಇಪ್ಪತ್ತೇ ನಿಮಿಷ. ತಪ್ಪಿಹೋಗುವ ಸಾಧ್ಯತೆ ನೂರಕ್ಕೆ 37. ಮೂರರಲ್ಲಿ ಒಂದಕ್ಕಿಂತ ಹೆಚ್ಚು! ಆ ಗಳಿಗೆಯಲ್ಲಿ ನಾನು ‘ಇನ್ನೇನು ಬಂದುಬಿಡುತ್ತದೆ’ ಎಂದೆ. ಕಾದ ನಲವತ್ತು ನಿಮಿಷ ನನಗೆ ಧೈರ್ಯ ಕೊಟ್ಟಿತು. ನಿಜಕ್ಕೂ ಆ ನಲವತ್ತು ನಿಮಿಷ ಮಾಡಿದ್ದೇನೆಂದರೆ, ಆಕೆಯ ಅಪಾಯವನ್ನು ನೂರಕ್ಕೆ ಐದರಿಂದ ಮೂವತ್ತೇಳಕ್ಕೆ ಏರಿಸಿದ್ದು. ಕಾದದ್ದು ಆಕೆಯ ಖಾತೆಗೆ ಜಮೆಯಾಗಲಿಲ್ಲ, ಖರ್ಚಾಗಿ ಹೋಯಿತು. ‘ಎಲ್ಲಿ ಹೋತು’ ಎಂಬ ಪ್ರಶ್ನೆಗೆ ಉತ್ತರ ಇದೇ.

ಆದ್ದರಿಂದ ನಿಲ್ದಾಣದಲ್ಲಿ ಕೇಳಿಕೊಳ್ಳಬೇಕಾದ ಪ್ರಶ್ನೆ ‘ಎಷ್ಟು ಹೊತ್ತು ಕಾದೆ?’ ಎಂಬುದಲ್ಲ, ‘ಇನ್ನೆಷ್ಟು ಹೊತ್ತು ನನ್ನ ಕೈಯಲ್ಲಿದೆ?’ ಎಂಬುದು. ಉಳಿದ ಹೊತ್ತು ಸರಾಸರಿ ಅಂತರದ ಮೂರರಷ್ಟಿದ್ದರೆ ಧೈರ್ಯವಾಗಿ ಕೂಡಬಹುದು. ಸರಾಸರಿಯಷ್ಟೇ ಉಳಿದಿದ್ದರೆ, ಹೋಗಲೇಬೇಕಾದವರು ಆಟೋ ಬಿಡಬಾರದು. ಆ ದಿನ ನಾಲ್ಕು ಗಂಟೆಗೇ ಟೆಂಪೋ ಬಂದಿದ್ದರೂ ನನ್ನ ಸಲಹೆ ತಪ್ಪೇ ಆಗಿರುತ್ತಿತ್ತು. ತಪ್ಪು ಸಲಹೆ ಮೂರರಲ್ಲಿ ಎರಡು ಸಲ ಒಳ್ಳೆಯ ಫಲ ಕೊಡುತ್ತದೆ. ಅದಕ್ಕೇ ಅದು ನಮ್ಮಲ್ಲಿ ಇಷ್ಟು ಗಟ್ಟಿಯಾಗಿ ಉಳಿದಿದೆ.

ಇಷ್ಟು ಹೇಳಿ ನಿಲ್ಲಿಸಿದರೆ ನಾನು ಇನ್ನೊಂದು ತಪ್ಪು ಮಾಡಿದಂತಾಗುತ್ತದೆ. ಎಲ್ಲ ನಿಲ್ದಾಣಗಳೂ ನೆನಪಿಲ್ಲದವಲ್ಲ. ಮೂರು ಬಗೆಗಳನ್ನು ಬೇರ್ಪಡಿಸಿಕೊಳ್ಳಬೇಕು. ವೇಳೆಗೆ ಸರಿಯಾಗಿ ಬರುವ ಬಸ್ಸಿನಲ್ಲಿ ಕಾದಷ್ಟೂ ಗಾಡಿ ಹತ್ತಿರವಾಗುತ್ತದೆ. ಸೀಟು ತುಂಬಿದ ಮೇಲೆ ಹೊರಡುವ ಟೆಂಪೋ ಕೂಡ ಹೀಗೆಯೇ, ಆದರೆ ಅದರ ನೆನಪು ಗಡಿಯಾರದಲ್ಲಿಲ್ಲ, ಸೀಟುಗಳಲ್ಲಿದೆ. ಎಷ್ಟು ಹೊತ್ತಾಯಿತು ಎಂದು ನೋಡಬೇಡಿ, ಎಷ್ಟು ಜನ ಕೂತಿದ್ದಾರೆ ಎಂದು ಎಣಿಸಿ.

ಎರಡನೆಯದು ನಾವು ಇಷ್ಟು ಹೊತ್ತು ನೋಡಿದ್ದು. ಹಗಲಿನ ನಡುಹೊತ್ತು, ಹಲವು ಊರಿನ ಗಾಡಿಗಳು ತಮ್ಮಷ್ಟಕ್ಕೆ ಬರುವ ರಸ್ತೆ.

ಮೂರನೆಯದು ಎಲ್ಲಕ್ಕಿಂತ ಮೋಸದ್ದು. ಅಲ್ಲಿ ಕಾದಷ್ಟೂ ಗಾಡಿ ದೂರವಾಗುತ್ತದೆ. ಒಂದೇ ಒಂದು ಬಸ್ಸಿರುವ ಹಳ್ಳಿಯನ್ನು ನೆನೆಯಿರಿ. ಬಸ್ಸು ಬರುವ ದಿನ ನೀವು ನಿಂತ ಇಪ್ಪತ್ತು ನಿಮಿಷದೊಳಗೆ ಯಾವಾಗಲಾದರೂ ಬರುತ್ತದೆ, ಆದರೆ ನೂರು ದಿನಗಳಲ್ಲಿ ಹತ್ತು ದಿನ ಬರುವುದೇ ಇಲ್ಲ ಎಂದಿಟ್ಟುಕೊಳ್ಳಿ. ಹತ್ತು ನಿಮಿಷ ಕಾದಾಗ, ಬರುವ 90 ದಿನಗಳಲ್ಲಿ 45 ದಿನ ಬಂದಾಗಿರುತ್ತದೆ. ಉಳಿದ 55 ದಿನಗಳಲ್ಲಿ ಹತ್ತು ದಿನ ಬಾರದ ದಿನಗಳು. ಸಂಶಯ ನೂರಕ್ಕೆ 18ಕ್ಕೆ ಏರಿತು. ಹದಿನೆಂಟು ನಿಮಿಷ ಕಾದಾಗ ಬರುವ ದಿನಗಳಲ್ಲಿ ಒಂಬತ್ತು ಮಾತ್ರ ಉಳಿದಿರುತ್ತವೆ, ಬಾರದ ದಿನಗಳು ಹತ್ತೂ ಉಳಿದಿರುತ್ತವೆ. ಈಗ ಬಾರದಿರುವ ಸಾಧ್ಯತೆಯೇ ಅರ್ಧಕ್ಕಿಂತ ಹೆಚ್ಚು. ಇಲ್ಲಿ ಕಾದ ಹೊತ್ತು ಒಂದು ಸುದ್ದಿ ಹೇಳುತ್ತಿದೆ, ಅದು ಕೆಟ್ಟ ಸುದ್ದಿ. ಕತ್ತಲಾಗುತ್ತಿರುವಾಗ, ಹೊಳೆಗೆ ಪ್ರವಾಹ ಬಂದಾಗ, ಬಂದ್ ಇರಬಹುದೆಂಬ ಅನುಮಾನವಿದ್ದಾಗ ಪಟ್ಟದಕಲ್ಲಿನ ನಿಲ್ದಾಣವೂ ಈ ಮೂರನೆಯ ಬಗೆಗೆ ತಿರುಗುತ್ತದೆ. ಆ ದಿನ ಮೂರು ಐವತ್ತೈದಕ್ಕೆ ನನಗೆ ಇದರ ಸಂಶಯವಾದರೂ ಬರಬೇಕಿತ್ತು. ಸರಾಸರಿಯ ಎರಡರಷ್ಟು ಕಾದರೂ ಏನೂ ಬರದಿದ್ದರೆ, ಆ ಸರಾಸರಿಯೇ ಇವತ್ತು ನಿಜವೋ ಎಂದು ಒಮ್ಮೆ ವಿಚಾರಿಸಬೇಕು. ನೆನಪಿಲ್ಲದ ನಿಲ್ದಾಣದಲ್ಲೂ ನೂರಕ್ಕೆ 14 ಸಲ ಹಾಗಾಗುತ್ತದೆ, ಆದ್ದರಿಂದ ಅಷ್ಟರಿಂದಲೇ ತೀರ್ಮಾನಕ್ಕೆ ಬರಲಾಗದು. ಆದರೆ ಎದುರಿನಿಂದ ಬಂದ ಗಾಡಿಯವನನ್ನು ‘ರಸ್ತಾ ಚಾಲೂ ಐತೇನ್ರಿ’ ಎಂದು ಕೇಳಲು ಖರ್ಚೇನೂ ಇಲ್ಲ.

ಗುರುತಿಸುವ ಬಗೆ ಸುಲಭ. ‘ಇಷ್ಟು ಹೊತ್ತು ಕಾದಿದ್ದೇನೆ’ ಎಂಬ ಮಾತು ನಿಮ್ಮ ನಾಲಿಗೆಯ ತುದಿಗೆ ಬಂದಾಗ, ಗಾಡಿ ಎಲ್ಲಿಂದ, ಯಾರ ಹೇಳಿಕೆಯ ಮೇಲೆ ಹೊರಡುತ್ತದೆ ಎಂದು ಕೇಳಿಕೊಳ್ಳಿ. ಒಂದು ಕೈ ಗಡಿಯಾರ ನೋಡಿ ಕಳಿಸುತ್ತಿದ್ದರೆ ಕಾದದ್ದಕ್ಕೆ ಬೆಲೆಯಿದೆ. ಹಲವು ಕೈಗಳು ಒಂದಕ್ಕೊಂದು ತಿಳಿಯದೆ ಕಳಿಸುತ್ತಿದ್ದರೆ ಬೆಲೆಯಿಲ್ಲ. ಯಾವ ಕೈಯೂ ಕಳಿಸದೆ ಇರಬಹುದೆಂಬ ಅನುಮಾನವಿದ್ದರೆ ಕಾದದ್ದು ಎಚ್ಚರಿಕೆ.

ಕಳೆದ ಚಳಿಗಾಲ ಮತ್ತೆ ಪಟ್ಟದಕಲ್ಲಿಗೆ ಹೋಗಿದ್ದೆ. ಅದೇ ನಿಲ್ದಾಣದಲ್ಲಿ ಒಬ್ಬ ಕಾಲೇಜು ಹುಡುಗ ಬಾದಾಮಿಯಲ್ಲಿ ರೈಲು ಹಿಡಿಯಬೇಕೆಂದು ಚಡಪಡಿಸುತ್ತಿದ್ದ. ‘ಅರ್ಧ ತಾಸಾತ್ರಿ ಅಜ್ಜಾರ, ಇನ್ನೇನ ಬರಬೇಕು’ ಎಂದ. ನಾನು ಕೇಳಿದೆ, ‘ಅದಿರ್ಲಿ ತಮ್ಮಾ, ರೈಲಿಗೆ ಇನ್ನ ಎಷ್ಟೊತ್ತೈತಿ?’ ಅವನು ಗಡಿಯಾರ ನೋಡಿಕೊಂಡ, ದಾರಿಗೆ ಬೇಕಾದ ಹೊತ್ತನ್ನು ಕಳೆದ, ತುಟಿ ಕಚ್ಚಿಕೊಂಡ. ಆಮೇಲೆ ಅಲ್ಲಿಯೇ ನಿಂತಿದ್ದ ಇಬ್ಬರನ್ನು ಕೂಡಿಸಿಕೊಂಡು ಆಟೋ ಮಾಡಿಸಿದ. ನನ್ನನ್ನೂ ಕರೆದ. ನನಗೆ ಅವಸರವಿರಲಿಲ್ಲ. ನಾನು ಕಟ್ಟೆಯ ಮೇಲೆ ಕೂತೆ. ಅವರು ಹೋಗಿ ಎರಡು ನಿಮಿಷಕ್ಕೆ ಬಸ್ಸು ಬಂತು.

ಹುಡುಗ ತಪ್ಪು ಮಾಡಿದನೇ? ನೀವೇ ಹೇಳಿ.